ಸ್ಲೈಡಿನಲ್ಲಿ ಇಲ್ಲದ ಎರಡು ನಿಮಿಷ

ನಾಳೆ ಶಾಲೆಯ ವಾರ್ಷಿಕೋತ್ಸವ, ನಿರೂಪಣೆ ನನ್ನದು. ಕಾರ್ಯಕ್ರಮದ ಸ್ಲೈಡುಗಳನ್ನು ನೋಡಿಕೊಂಡು ಮಾತು ಬರೆದೆ. 6:40ಕ್ಕೆ ಕೋಲಾಟ, 6:45ಕ್ಕೆ ನಾಟಕ ಅಂತಿದೆ. ಕೋಲಾಟದ ಹಾಡೇ ಐದು ನಿಮಿಷ! ಆಮೇಲೆ ಮಕ್ಕಳು ಇಳಿಯಬೇಕು, ನಾಟಕದವರು ಮಂಚ, ಮೈಕು ಇಡಬೇಕು. ರಿಹರ್ಸಲ್‌ನಲ್ಲಿ ಗಡಿಯಾರ ನೋಡಿದೆ, ಅದಕ್ಕೇ ಎರಡು ನಿಮಿಷ. ಇಂಥ 12 ಸಂದಿಗಳಿವೆ, ಅಂದರೆ 24 ನಿಮಿಷ ತಡ.

ಸ್ಲೈಡಿನ ಸಮಯ ತಿದ್ದಿ, ನಾಟಕದ ಪರಿಚಯವನ್ನು ಎರಡು ತುಂಡು ಮಾಡಿದೆ. ಪರದೆ ಮುಚ್ಚಿದ್ದಾಗ ಕಥೆಯ ಹಿನ್ನೆಲೆ, ನಿಧಾನವಾಗಿ. ನಾಟಕದ ಹೆಸರು ಮಾತ್ರ ಒಳಗಿಂದ ಕೈಸನ್ನೆ ಬಂದ ಮೇಲೆ. ಮಂಚ ಬೇಗ ಬಂದರೆ ಬಿಡಲು ಎರಡು ಸಾಲಿಗೆ ಪೆನ್ಸಿಲ್ ಗೆರೆ ಹಾಕಿದ್ದೇನೆ. ಚೆಂದದ ಸಾಲುಗಳೇ ಅವು, ಹೊಟ್ಟೆ ಉರಿಯುತ್ತದೆ. ಆದರೆ ನಾನು ಮಾತಾಡುವುದು ಮಂಚ ಎಳೆಯುವ ಸದ್ದು ಕೇಳದಿರಲಿ ಅಂತ ತಾನೇ?