ಅತ್ತೆಯ ಹೆಬ್ಬೆರಳು

ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಮಳೆ, ಕರೆಂಟಿಲ್ಲ. ಕಥೆಯೊಂದರ ಚಿತ್ರಗಳಲ್ಲಿ ಒಂದೇ ಕ್ಲೋಸಪ್ ಅನ್ನು ಮೂರನೇ ಸಲ ಬಿಡಿಸಿದೆ. ಮಗ ಈ ಹಬ್ಬಕ್ಕೂ ಬರಲ್ಲ ಅಂತ ಫೋನಿನಲ್ಲಿ ಗೊತ್ತಾದ ತಾಯಿ "ಇರಲಿ ಬಿಡೋ" ಅನ್ನುತ್ತಾಳೆ. ಮುಖ ನಗಬೇಕು, ಕೈ ನಿಜ ಹೇಳಬೇಕು.

ಮೊದಲು ಎದೆಯ ಮೇಲೆ ಐದೂ ಬೆರಳು ಅಗಲಿಸಿ ಇಟ್ಟಿದ್ದೆ. ಬಾಚಣಿಗೆ ಥರ ಕಂಡಿತು, ನಾಟಕವೂ ಜಾಸ್ತಿ. ಆಮೇಲೆ ಜಗಲಿಯಲ್ಲಿ ಫೋನ್ ಹಿಡಿದಿದ್ದ ಅತ್ತೆಯನ್ನು ಸುಮ್ನೆ ನೋಡಿದೆ. ಸೆರಗಿನ ತುದಿಯನ್ನು ತೋರುಬೆರಳಿಗೆ ಸುತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಸಿಕ್ಕಿತು!

ಮೊದಲು ಅಂಗೈ ಮಾತ್ರ ಬಿಡಿಸಿದೆ, ಒಂದು ಪೆಟ್ಟಿಗೆಯ ಹಾಗೆ. ನಡುಬೆರಳು, ಉಂಗುರಬೆರಳು ಒಟ್ಟಿಗೆ. ಕಿರುಬೆರಳು ಸ್ವಲ್ಪ ದೂರ. ಒತ್ತಡ ಕಾಣೋದು ಹೆಬ್ಬೆರಳಿನ ತುದಿಯ ಗೆಣ್ಣಲ್ಲಿ. ಅದು ಹಿಂದಕ್ಕೆ ಬಾಗಬೇಕು, ಬಟ್ಟೆಯ ಸುಕ್ಕುಗಳು ಅದರ ಕಡೆಗೇ ಓಡಬೇಕು. ಇಲ್ಲದಿದ್ದರೆ ಸೆರಗು ಸುಮ್ನೆ ಕೈಗೆ ಅಂಟಿದ ಹಾಗೆ ಕಾಣುತ್ತೆ.

ಆಕಾರ ಸ್ಪಷ್ಟವಾಗಿದೆಯಾ ಅಂತ ಕೈಗೆ ಪೂರ್ತಿ ಕಪ್ಪು ತುಂಬಿ ನೋಡಿದರೆ ಹೆಬ್ಬೆರಳೇ ಮಾಯ, ಅಂಗೈಯೊಳಗೆ ಸೇರಿಹೋಗಿತ್ತು. ಮಣಿಕಟ್ಟು ಸ್ವಲ್ಪ ತಿರುಗಿಸಿ ಹೊರಗೆ ತಂದೆ.

ಅತ್ತೆಗೆ ತೋರಿಸಿದೆ. "ಯಾರ ಕೈಯೋ ಇದು, ಇಷ್ಟು ಸಿಟ್ಟು?" ಅಂದರು.

ಒತ್ತಿದ್ದು ಜಾಸ್ತಿ ಆಯ್ತು ಅಲ್ವಾ. ಬೇಜಾರಿಗೂ ಸಿಟ್ಟಿಗೂ ನಡುವೆ ಗೆಣ್ಣಿನ ಒಂದು ಸಣ್ಣ ಬಾಗು ಅಷ್ಟೇ. ನಾಲ್ಕನೇ ಸಲ ಕೂತಿದ್ದೇನೆ.