ಆಫರ್ ಲೆಟರ್‌ನ ಒಂದು ಷರತ್ತು, ಒಂದು ಪುಟದ ವಿವರಣೆ: ಕೆಲಸ ಎಲ್ಲಿಗೆ ಬಂತು

ಪೀಣ್ಯದಲ್ಲಿರುವ ನಮ್ಮ ಕಂಪನಿ ಸಿಎನ್‌ಸಿ ಮಷಿನ್‌ಗಳಿಗೆ ಬೇಕಾದ ಕಟಿಂಗ್ ಟೂಲ್‌ಗಳನ್ನು ಮಾರುತ್ತದೆ. ನಾನು ಇಲ್ಲಿ ಎಚ್‌ಆರ್. ಸೇಲ್ಸ್ ಎಂಜಿನಿಯರ್‌ಗಳಿಗೆ ಕೊಡುವ ಆಫರ್ ಲೆಟರ್‌ನಲ್ಲಿ ನಾನ್-ಕಂಪೀಟ್, ನಾನ್-ಸಾಲಿಸಿಟ್ ಷರತ್ತು ಇದೆ. ಅದು ಏನನ್ನು ತಡೆಯುತ್ತದೆ ಅಂತ ಒಂದು ಪುಟದಲ್ಲಿ ಸರಳವಾಗಿ ಬರೆದು, ಸಹಿಗೆ ಮೊದಲೇ ಅಭ್ಯರ್ಥಿಯ ಕೈಗೆ ಕೊಡಬೇಕು. ಅದೇ ಈ ಪ್ರಾಜೆಕ್ಟ್.

ಷರತ್ತಿನ ಸಾರ ಇಷ್ಟು: ಕೆಲಸದಲ್ಲಿರುವಾಗ ಮತ್ತು ಬಿಟ್ಟ ಮೇಲೆ 24 ತಿಂಗಳು, ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ಪೈಪೋಟಿ ಕಂಪನಿಗೆ ಕೆಲಸ ಮಾಡಬಾರದು, ನಮ್ಮ ಗ್ರಾಹಕರನ್ನಾಗಲಿ ಸಿಬ್ಬಂದಿಯನ್ನಾಗಲಿ ಸೆಳೆಯಬಾರದು. ಎಲ್ಲವೂ ಒಂದೇ ಉದ್ದನೆಯ ವಾಕ್ಯದಲ್ಲಿದೆ. ಓದಿದವರು ಕೇಳುವುದೂ ಒಂದೇ ಪ್ರಶ್ನೆ: "ಮೇಡಂ, ಬಿಟ್ಟ ಮೇಲೆ ಎರಡು ವರ್ಷ ಈ ಲೈನ್‌ನಲ್ಲೇ ಕೆಲಸ ಮಾಡೋ ಹಾಗಿಲ್ವಾ?"

ಅದಕ್ಕೇ ಮೊದಲು ವಾಕ್ಯವನ್ನು ಎರಡಾಗಿ ಒಡೆದೆ. ಪೈಪೋಟಿ ಕಂಪನಿಗೆ ಸೇರಬಾರದು ಅನ್ನುವುದು ಬೇರೆ, ಗ್ರಾಹಕರನ್ನು ಸೆಳೆಯಬಾರದು ಅನ್ನುವುದು ಬೇರೆ. ಎರಡಕ್ಕೂ ಬಲ ಬರುವ ಸಮಯವೂ ಬೇರೆ.

ಮೊದಲನೆಯದಕ್ಕೆ ಬಲ ಇರುವುದು ನೀವು ನಮ್ಮ ಸಂಬಳದಲ್ಲಿ ಇರುವ ತನಕ. 1872ರ ಗುತ್ತಿಗೆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧ ಉದ್ಯೋಗ ಮಾಡದಂತೆ ಯಾರನ್ನಾದರೂ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಕೆಲಸದಲ್ಲಿರುವಾಗ ಹಾಕುವ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲಿ ಒಪ್ಪಿತು. ಒಪ್ಪಂದ ಮುಗಿದ ಮೇಲೂ ಅದನ್ನು ಎಳೆಯುವುದನ್ನು 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ ಒಪ್ಪಲಿಲ್ಲ. ಅಂದರೆ ಬಿಟ್ಟ ಮೇಲೆ ಇನ್ನೊಂದು ಟೂಲ್ ಕಂಪನಿಗೆ ಸೇರಿದರೆ, ಸೇರಿದ್ದೇ ತಪ್ಪು ಅಂತ ಕೋರ್ಟಿನಲ್ಲಿ ತಡೆಯುವುದು ತುಂಬಾ ಕಷ್ಟ.

ಇಲ್ಲೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೇನೆ: ನೋಟಿಸ್ ಪೀರಿಯಡ್ ಕೂಡ ಕೆಲಸದ ಅವಧಿಯೇ. ರಾಜೀನಾಮೆ ಕೊಟ್ಟ ದಿನವೇ ಎಲ್ಲಾ ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ನಮ್ಮಲ್ಲಿ ನೋಟಿಸ್ 60 ದಿನ. ಜೂನ್ 1ಕ್ಕೆ ಶುರುವಾದರೆ ಜುಲೈ 30ರವರೆಗೂ ನೀವು ನಮ್ಮವರೇ. ಆ ನಡುವೆ ಬೇರೆ ಕಡೆ ಇಂಟರ್‌ವ್ಯೂ ಕೊಡಬಹುದು, ಆಫರ್ ಒಪ್ಪಿಕೊಳ್ಳಬಹುದು. ಆದರೆ ಜುಲೈ 10ಕ್ಕೆ ಹೊಸ ಕಂಪನಿಯವರ ಜೊತೆ ಬೊಮ್ಮಸಂದ್ರದ ಗ್ರಾಹಕರ ಹತ್ತಿರ ಟ್ರಯಲ್‌ಗೆ ಹೋದರೆ ಅದು ನೇರ ಉಲ್ಲಂಘನೆ. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮನೆಯಲ್ಲಿ ಕೂತಿದ್ದರೂ ಸರಿ, ಸಂಬಳ ಬರುತ್ತಿದ್ದರೆ ನಿರ್ಬಂಧ ಇರುತ್ತದೆ.

ಎರಡನೆಯದು, ಗ್ರಾಹಕರನ್ನು ಸೆಳೆಯಬಾರದು ಅನ್ನುವುದು, ಕಚ್ಚುವುದು ಬಿಟ್ಟ ಮೇಲೆ. 2009ರಲ್ಲಿ ದೆಹಲಿ ಹೈಕೋರ್ಟ್ ಡೆಸಿಕೆಂಟ್ ರೋಟರ್ಸ್ ಪ್ರಕರಣದಲ್ಲಿ ಮಾಡಿದ್ದನ್ನು ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬಿಟ್ಟುಹೋದ ಮ್ಯಾನೇಜರ್ ಪೈಪೋಟಿ ಕಂಪನಿಯಲ್ಲಿ ಕೆಲಸ ಮಾಡುವುದನ್ನು ಕೋರ್ಟ್ ತಡೆಯಲಿಲ್ಲ. ಆದರೆ ಹಳೆಯ ಕಂಪನಿಯ ಗ್ರಾಹಕರ ಮತ್ತು ಸಪ್ಲೈಯರ್‌ಗಳ ಹತ್ತಿರ ಹೋಗಿ ಪೈಪೋಟಿಯ ವ್ಯಾಪಾರ ಕೇಳುವುದನ್ನು ತಡೆಯಿತು. ಇಂಥ ಷರತ್ತುಗಳೆಲ್ಲಾ ಹಾಗೆಯೇ ನಿಲ್ಲುತ್ತವೆ ಅಂತಲ್ಲ. ಕೋರ್ಟ್ ಪ್ರತಿ ಸಲವೂ ನಡೆದದ್ದೇನು ಅಂತ ನೋಡುತ್ತದೆ.

ಪುಟದ ಅರ್ಧ ಜಾಗ ಒಂದು ಉದಾಹರಣೆಗೇ ಹೋಗಿದೆ. ಒಬ್ಬ ಸೇಲ್ಸ್ ಎಂಜಿನಿಯರ್ ನಮ್ಮನ್ನು ಬಿಟ್ಟು ಇನ್ನೊಂದು ಟೂಲ್ ಕಂಪನಿಗೆ ಸೇರುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸದ ಬಗ್ಗೆ ಹಾಕುತ್ತಾರೆ. ಅದು ಊರಿಗೆಲ್ಲಾ ಹೇಳಿದ್ದು, ಪರವಾಗಿಲ್ಲ. ಮಾರನೆಯ ದಿನ ಪರ್ಚೇಸ್ ಮ್ಯಾನೇಜರ್ ಒಬ್ಬರಿಗೆ ವಾಟ್ಸ್‌ಆಪ್ ಮಾಡುತ್ತಾರೆ: "ಸರ್, ಆ ಇನ್ಸರ್ಟ್‌ಗಳ ಎನ್‌ಕ್ವೈರಿ ಈ ಸಲ ನನಗೆ ಕಳಿಸಿ, ಒಳ್ಳೆ ರೇಟ್ ಕೊಡ್ತೀನಿ." ಇದು ಸೆಳೆಯುವುದೇ. ತಾವು ಸುಮ್ಮನಿದ್ದು ಹೊಸ ಆಫೀಸಿನ ಗೆಳೆಯನ ಕೈಯಲ್ಲಿ ಅದೇ ಮೆಸೇಜ್ ಕಳಿಸಿದರೂ ಅಷ್ಟೇ. "ಬೇರೆಯವರ ಮೂಲಕ" ಅನ್ನುವ ಮಾತು ಷರತ್ತಿನಲ್ಲಿರುವುದು ಅದಕ್ಕೇ.

ಈಗ ತಿರುಗಿಸಿ ನೋಡಿ. ಆ ಮ್ಯಾನೇಜರೇ ಫೋನ್ ಮಾಡಿ, "ಎಲ್ಲಿದ್ದೀಯಪ್ಪಾ ಈಗ? ಒಂದು ಕೊಟೇಶನ್ ಕಳಿಸು" ಅಂದರೆ? ಅಥವಾ ಹತ್ತು ಕಂಪನಿಗೆ ಹೋದ ಎನ್‌ಕ್ವೈರಿ ಹೊಸ ಆಫೀಸಿಗೂ ಬಂದಿದ್ದರೆ? ಅವರು ಸೆಳೆಯಲಿಲ್ಲ, ಗ್ರಾಹಕರೇ ಬಂದರು. ಮೊದಲು ಕೈ ಚಾಚಿದ್ದು ಯಾರು ಅನ್ನುವುದೇ ಇಲ್ಲಿ ಮುಖ್ಯ. ಹಾಗಾಗಿ ಆ ಮೊದಲ ಫೋನ್ ಅಥವಾ ಮೇಲ್‌ನ ದಾಖಲೆ ಇಟ್ಟುಕೊಳ್ಳಿ ಅಂತ ಪುಟದಲ್ಲಿ ಬರೆದಿದ್ದೇನೆ.

ಆದರೆ ನಮ್ಮ ಹಳೆಯ ಕರಡಿನಲ್ಲಿ "ಸೆಳೆಯಬಾರದು" ಪಕ್ಕದಲ್ಲೇ "ವ್ಯವಹರಿಸಲೂಬಾರದು" ಅಂತ ಇತ್ತು. ಹೀಗಿದ್ದರೆ ಗ್ರಾಹಕರೇ ಕರೆದರೂ ಹೋಗುವ ಹಾಗಿಲ್ಲ. ಬೇರೆ ಕಂಪನಿಗಳ ಆಫರ್ ಲೆಟರ್ ಓದುವವರೂ ಇದನ್ನು ಹುಡುಕಿ ನೋಡಬೇಕು. ನಮ್ಮ ವಕೀಲರು, "ಇದು ಹೆಚ್ಚೂಕಮ್ಮಿ ನಾನ್-ಕಂಪೀಟೇ ಆಯ್ತಮ್ಮ, 27ನೇ ಸೆಕ್ಷನ್ ಮುಂದೆ ನಿಲ್ಲಿಸೋದು ಕಷ್ಟ" ಅಂದರು. ಆ ಮಾತು ಈಗ ಹೋಗಿದೆ. ನನಗೆ ತುಂಬಾ ಸಮಾಧಾನವಾಯಿತು.

"ಗ್ರಾಹಕರು" ಅಂದರೆ ಯಾರು ಅನ್ನುವುದನ್ನೂ ಬಿಗಿ ಮಾಡಿದ್ದೇವೆ. ಮೊದಲು ಕಂಪನಿಯ ಎಲ್ಲಾ ಗ್ರಾಹಕರು ಅಂತಿತ್ತು. ಹೊಸೂರಿನ ಯಾವುದೋ ವರ್ಕ್‌ಶಾಪ್ ನಮ್ಮ ಗ್ರಾಹಕ ಅಂತ ಪೀಣ್ಯ ನೋಡಿಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಈಗ, ಕೊನೆಯ 12 ತಿಂಗಳಲ್ಲಿ ನೀವೇ ಓಡಾಡಿ ನೋಡಿಕೊಂಡ ಗ್ರಾಹಕರು ಮಾತ್ರ. ಬಿಡುವ ದಿನ ಅವರ ಹೆಸರುಗಳ ಪಟ್ಟಿ ಕೊಟ್ಟು ಎರಡೂ ಕಡೆಯವರು ಸಹಿ ಮಾಡುತ್ತೇವೆ. ಈ ನಿರ್ಬಂಧದ ಅವಧಿಯನ್ನು 24 ತಿಂಗಳಿಂದ 12ಕ್ಕೆ ಇಳಿಸಲೂ ಡೈರೆಕ್ಟರ್ ಒಪ್ಪಿದ್ದಾರೆ.

ಇನ್ನೆರಡು ವಿಷಯ ಪುಟದ ಕೊನೆಯಲ್ಲಿ ಚಿಕ್ಕದಾಗಿ ಇವೆ. ಗ್ರಾಹಕರ ರೇಟ್ ಲಿಸ್ಟ್ ಇರುವ ಎಕ್ಸೆಲ್ ಫೈಲನ್ನು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಅದು ಗೌಪ್ಯತೆಯ ಷರತ್ತಿನ ಕೆಳಗೆ ಬರುತ್ತದೆ. ಅಲ್ಲಿ ನಾನ್-ಕಂಪೀಟ್ ನಿಲ್ಲಲ್ಲ ಅನ್ನುವ ವಾದ ಉಪಯೋಗಕ್ಕೆ ಬರುವುದಿಲ್ಲ. ಬಾಂಡ್ ಕೂಡ ಬೇರೆ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನುವ ಷರತ್ತನ್ನು 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದು ಬೇಗ ಬಿಡುವುದರ ಬಗ್ಗೆ. ಎಲ್ಲಿಗೆ ಹೋಗುತ್ತೀರಿ ಅನ್ನುವುದರ ಬಗ್ಗೆ ಅಲ್ಲ.

ಬಾಕಿ ಇರುವುದು ಬಿಟ್ಟ ಮೇಲಿನ ನಾನ್-ಕಂಪೀಟ್. ಪತ್ರದಲ್ಲಿ ಅದು ಇನ್ನೂ 24 ತಿಂಗಳು ಅಂತಲೇ ಇದೆ. "ನಮ್ಮ ಷರತ್ತು ನಿಲ್ಲಲ್ಲ ಅಂತ ನಾವೇ ಬರ್ಕೊಡೋದಾ?" ಅಂತ ಡೈರೆಕ್ಟರ್ ಕೇಳುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಕೋರ್ಟಿನಲ್ಲಿ ನಿಲ್ಲದ ಷರತ್ತಿಗೂ ಲೀಗಲ್ ನೋಟಿಸ್ ಕಳಿಸಬಹುದು. ನೋಟಿಸ್ ನೋಡಿದ ಹೊಸ ಕಂಪನಿ ಹಿಂಜರಿಯಬಹುದು. ಅದರ ಬಿಸಿ ತಟ್ಟುವುದು ಇಎಂಐ ಕಟ್ಟುತ್ತಿರುವ ಹುಡುಗನಿಗೆ, ಅಲ್ವಾ? ಹಾಗಾಗಿ ವಿವರಣೆಯನ್ನು ಮೆತ್ತಗೆ ಮಾಡುವ ಬದಲು ಷರತ್ತಿನಿಂದಲೇ ಆ ಭಾಗ ತೆಗೆಯೋಣ ಅಂತ ಹೇಳಿದ್ದೇನೆ. ವಕೀಲರೂ ಅದನ್ನೇ ಬರೆದುಕೊಟ್ಟಿದ್ದಾರೆ. ಡೈರೆಕ್ಟರ್ ಇನ್ನೂ ಸಹಿ ಹಾಕಿಲ್ಲ.

ಅಷ್ಟರಲ್ಲಿ ಸಿಬ್ಬಂದಿಯನ್ನು ಸೆಳೆಯಬಾರದು ಅನ್ನುವ ಭಾಗ ಹಿಡಿಯುತ್ತೇನೆ. ಹೊಸ ಕಂಪನಿಯ ಕೆಲಸದ ಜಾಹೀರಾತನ್ನು ಹಳೆಯ ಸಹೋದ್ಯೋಗಿಗಳಿರುವ ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ ಏನು ಅಂತ ಮೊನ್ನೆ ಒಬ್ಬ ಅಭ್ಯರ್ಥಿ ಕೇಳಿದರು. ಮುಂದಿನ ಉದಾಹರಣೆ ಅದೇ.