ಎರಡನೇ ರೌಂಡ್ ಮುಗಿದ ಸಂಜೆ, ರೆಫರ್ ಮಾಡಿದವರಿಗೊಂದು ಮೆಸೇಜ್

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಶುರುವಾದ ಎರಡನೇ ರೌಂಡ್ ನಾಲ್ಕೂಕಾಲಿಗೆ ಮುಗಿದಿದೆ. ಹುದ್ದೆ ಡೇಟಾ ಅನಲಿಸ್ಟ್. ರೆಫರ್ ಮಾಡಿದವರು ಹಿಂದೊಮ್ಮೆ ಒಂದೇ ಟೀಮಿನಲ್ಲಿದ್ದ ಸೀನಿಯರ್. ಲ್ಯಾಪ್‌ಟಾಪ್ ಮುಚ್ಚಿ ಫೋನ್ ಕೈಗೆತ್ತಿಕೊಂಡ ಅಭ್ಯರ್ಥಿ ಸಾಮಾನ್ಯವಾಗಿ ಬರೆಯುವುದು ಇಷ್ಟು:

“ಹಾಯ್ ಮೇಡಂ, ಇಂಟರ್‌ವ್ಯೂ ಚೆನ್ನಾಗಿ ಆಯ್ತು. ತುಂಬಾ ಥ್ಯಾಂಕ್ಸ್. ಏನಾದರೂ ಗೊತ್ತಾದರೆ ಹೇಳಿ.”

ಬರೆದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇದನ್ನು ಓದುವ ಮೇಡಂ ಅದೇ ತಿಂಗಳು ಇನ್ನೂ ಮೂವರನ್ನು ರೆಫರ್ ಮಾಡಿರಬಹುದು. ಯಾವ ಹುದ್ದೆ, ಎಷ್ಟನೇ ರೌಂಡ್ ಎಂದು ಅವರು ಹಳೆಯ ಮೆಸೇಜುಗಳನ್ನು ಹುಡುಕಬೇಕು. ಕಂಪನಿಯ ರೆಫರಲ್ ಪೋರ್ಟಲ್ ತೆರೆದರೂ ಹೆಚ್ಚೇನು ಸಿಗುವುದಿಲ್ಲ. ಅನೇಕ ಕಡೆ ಅಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬಂಥ ಒಂದು ಸಾಲಷ್ಟೇ ಇರುತ್ತದೆ. ಯಾರು ಇಂಟರ್‌ವ್ಯೂ ಮಾಡಿದರು, ಎಚ್‌ಆರ್ ಯಾವ ದಿನ ಹೇಳಿದರು ಎಂಬುದು ಅಭ್ಯರ್ಥಿ ಹೇಳದೆ ಅವರಿಗೆ ತಿಳಿಯುವುದಿಲ್ಲ. ಒಳಗಿರುವವರಿಗೆ ಎಲ್ಲ ಗೊತ್ತಿರುತ್ತದೆ ಎಂದು ಹೊರಗಿನವರು ಅಂದುಕೊಳ್ಳುವುದರಿಂದಲೇ ಇಂಥ ಅರೆಬರೆ ಮೆಸೇಜುಗಳು ಹೋಗುತ್ತವೆ.

ಕೊನೆಯ ವಾಕ್ಯ ಇನ್ನೂ ತೊಡಕಿನದು. ‘ಏನಾದರೂ ಗೊತ್ತಾದರೆ ಹೇಳಿ’ ಎಂದರೆ ಇಂಟರ್‌ವ್ಯೂ ಮಾಡಿದವರನ್ನು ವಿಚಾರಿಸಿ ಬನ್ನಿ ಎಂದಂತೆ. ಇಂಟರ್‌ವ್ಯೂ ಮಾಡಿದವರ ಅಭಿಪ್ರಾಯ ರಿಕ್ರೂಟರ್ ಮತ್ತು ಹೈರಿಂಗ್ ಮ್ಯಾನೇಜರ್ ನೋಡಬೇಕಾದದ್ದು. ರೆಫರ್ ಮಾಡಿದವರು ನಡುವೆ ಹೋಗಿ ಕೇಳಿದರೆ ಒತ್ತಡ ತರುತ್ತಿದ್ದಾರೆ ಎಂಬ ಮಾತು ಬರಬಹುದು. ಆ ಮುಜುಗರದಿಂದಲೇ ಎಷ್ಟೋ ಜನ ಉತ್ತರಿಸದೆ ಸುಮ್ಮನಾಗುತ್ತಾರೆ. ಇತ್ತ ಅಭ್ಯರ್ಥಿಗೆ ಅವರು ಬೇಜಾರಾದರೇನೋ ಎಂಬ ಚಿಂತೆ.

ಅದೇ ಸಂಜೆ, ಅದೇ ಸುದ್ದಿಯನ್ನು ಹೀಗೆ ಬರೆಯಬಹುದು:

“ನಮಸ್ಕಾರ ಮೇಡಂ. ನೀವು ರೆಫರ್ ಮಾಡಿದ ಡೇಟಾ ಅನಲಿಸ್ಟ್ ಹುದ್ದೆಯ ಎರಡನೇ ರೌಂಡ್ ಇವತ್ತು ಮುಗಿಯಿತು. ಜಾಬ್ ಐಡಿ 4172. ಟೀಮಿನ ಇಬ್ಬರು ಮಾತಾಡಿಸಿದರು. ಅರ್ಧ ಗಂಟೆ ಎಸ್‌ಕ್ಯೂಎಲ್, ಉಳಿದ ಹೊತ್ತು ಒಂದು ಕೇಸ್ ಸ್ಟಡಿ. ಮುಂದಿನದು ಮ್ಯಾನೇಜರ್ ರೌಂಡ್, ಶುಕ್ರವಾರದೊಳಗೆ ತಿಳಿಸುತ್ತೇವೆ ಎಂದು ರಿಕ್ರೂಟರ್ ಹೇಳಿದ್ದಾರೆ. ರೆಸ್ಯೂಮೆಯಲ್ಲಿ ಸ್ಟಾಕ್ ರಿಪೋರ್ಟ್ ಕೆಲಸವನ್ನು ಮೇಲಕ್ಕೆ ಹಾಕಲು ನೀವು ಹೇಳಿದ್ದಿರಿ. ಮೊದಲ ಪ್ರಶ್ನೆಯೇ ಅದರ ಮೇಲೆ ಬಂತು. ಅದಕ್ಕೆ ತುಂಬಾ ಧನ್ಯವಾದ. ಸದ್ಯಕ್ಕೆ ನಿಮ್ಮಿಂದ ಏನೂ ಆಗಬೇಕಿಲ್ಲ, ಉತ್ತರಿಸಲೇಬೇಕೆಂದೂ ಇಲ್ಲ. ಮುಂದಿನದು ತಿಳಿದಾಗ ನಾನೇ ಹೇಳುತ್ತೇನೆ.”

ಫೋನಿನಲ್ಲಿ ಓದಲು ಅರ್ಧ ನಿಮಿಷ ಸಾಕು. ಇಲ್ಲಿ ‘ಚೆನ್ನಾಗಿ ಆಯ್ತು’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದೆ. ಚೆನ್ನಾಯಿತೋ ಇಲ್ಲವೋ ಎನ್ನುವ ತೀರ್ಪು ಎದುರಿಗೆ ಕೂತಿದ್ದವರದು. ನಾಳೆ ಆಯ್ಕೆ ಆಗದಿದ್ದರೆ ಇವತ್ತಿನ ಆ ಮಾತು ಇಬ್ಬರಿಗೂ ಇರಿಸುಮುರಿಸು. ‘ಕೇಸ್ ಸ್ಟಡಿಯಲ್ಲಿ ಎಡವಿದೆ’ ಎಂದು ಬರೆಯುವುದೂ ಬೇಡ, ಏಕೆಂದರೆ ಈ ಮೆಸೇಜನ್ನು ಅವರು ಹಾಗೇ ರಿಕ್ರೂಟರ್‌ಗೆ ಫಾರ್ವರ್ಡ್ ಮಾಡಿಬಿಡಬಹುದು. ಹಾಗೆ ಮಾಡಿದರೂ ತೊಂದರೆಯಾಗದಂತೆ ಪ್ರತಿ ಸಾಲನ್ನೂ ಬರೆಯಬೇಕು. ವಿಷಯದ ಹೆಸರು ಹೇಳಬಹುದು, ಕೇಳಿದ ಪ್ರಶ್ನೆಗಳನ್ನು ಬರೆಯಬಾರದು. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಕೆಲವು ಕಂಪನಿಗಳು ಮೊದಲೇ ಒಪ್ಪಿಗೆ ಪಡೆದಿರುತ್ತವೆ, ಮರೆತಿದ್ದರೂ ಒಪ್ಪಿಗೆ ಒಪ್ಪಿಗೆಯೇ.

ಧನ್ಯವಾದದ ಸಾಲು ರೆಸ್ಯೂಮೆಯ ಆ ಒಂದು ಬದಲಾವಣೆಗೆ ಅಂಟಿಕೊಂಡಿದೆ. ‘ನಿಮ್ಮ ಉಪಕಾರ ಮರೆಯಲಾರೆ’ ಎಂದು ಯಾರಿಗೆ ಬೇಕಾದರೂ ಬರೆಯಬಹುದು. ತಾನು ಹೇಳಿದ್ದು ಎಲ್ಲಿ ಉಪಯೋಗಕ್ಕೆ ಬಂತು ಎಂದು ತಿಳಿದರೆ ಅವರು ಮುಂದಿನವರಿಗೂ ಅದನ್ನೇ ಹೇಳಿಯಾರು. ಇಂಥ ವಿವರ ಏನೂ ಇಲ್ಲದಿದ್ದರೆ ‘ರೆಫರ್ ಮಾಡಲು ಸಮಯ ಕೊಟ್ಟಿರಿ, ಧನ್ಯವಾದ’ ಎಂದರೆ ಸಾಕು, ಹುಟ್ಟಿಸಿ ಬರೆಯುವುದು ಬೇಡ. ಕೆಲಸ ಸಿಕ್ಕಿದ ಮೇಲೆ ಒಟ್ಟಿಗೆ ಹೇಳೋಣ ಎಂದು ಧನ್ಯವಾದವನ್ನು ಮುಂದೂಡುವವರೂ ಇದ್ದಾರೆ. ರೆಫರ್ ಮಾಡಿದವರ ಕೆಲಸ ಫಾರಂ ತುಂಬಿದ ದಿನವೇ ಮುಗಿದಿದೆ, ಆಯ್ಕೆ ಅವರ ಕೈಯಲ್ಲಿಲ್ಲ.

ಕಳಿಸುವುದು ಎಲ್ಲಿಗೆ? ರೆಫರಲ್‌ನ ಮಾತು ಶುರುವಾದ ಜಾಗಕ್ಕೇ: ವಾಟ್ಸಾಪ್ ಆದರೆ ವಾಟ್ಸಾಪ್, ಲಿಂಕ್ಡ್‌ಇನ್ ಆದರೆ ಲಿಂಕ್ಡ್‌ಇನ್. ಅವರ ಆಫೀಸ್ ಇಮೇಲ್‌ಗೆ ತಾವಾಗಿ ಬರೆಯದಿರುವುದು ಮೇಲು, ಅದು ಕಂಪನಿಯ ವ್ಯವಸ್ಥೆಯಲ್ಲಿ ಉಳಿಯುವ ದಾಖಲೆ. ಹೊತ್ತು ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ.

ಇನ್ನು ತಪ್ಪುವ ಜಾಗ ಒಂದಿದೆ, ಅಲ್ಲಿ ಇಬ್ಬರಿಗೂ ನಿಜವಾದ ನಷ್ಟ. ಗುರುವಾರ ರಿಕ್ರೂಟರ್ ಫೋನ್ ಮಾಡಿ, “ಈ ಹುದ್ದೆಗಿಂತ ಪಕ್ಕದ ಟೀಮಿನದು ನಿಮಗೆ ಸರಿಹೊಂದುತ್ತದೆ, ಅಲ್ಲಿಗೆ ಅರ್ಜಿ ಹಾಕಿ” ಎಂದು ಲಿಂಕ್ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅಭ್ಯರ್ಥಿ ಆ ಲಿಂಕ್ ಒತ್ತಿ ತಾವೇ ಅರ್ಜಿ ಹಾಕಿದರೆ, ಕೆಲವು ಕಂಪನಿಗಳಲ್ಲಿ ಅದು ಹೊಸ ಅರ್ಜಿಯಾಗಿ, ರೆಫರಲ್ ಇಲ್ಲದ್ದಾಗಿ ದಾಖಲಾಗುತ್ತದೆ. ರೆಫರಲ್ ಹಳೆಯ ಜಾಬ್ ಐಡಿಯಲ್ಲೇ ಉಳಿದುಬಿಡುತ್ತದೆ. ಮುಂದೆ ಸೇರಿದಾಗ ಅವರಿಗೆ ಬರಬೇಕಾದ ರೆಫರಲ್ ಬೋನಸ್‌ಗೆ ತಕರಾರು ಬರಬಹುದು. ಹಾಗಾಗಿ ಅರ್ಜಿ ಹಾಕುವ ಮೊದಲು ರಿಕ್ರೂಟರನ್ನೇ ಕೇಳಬೇಕು: “ಹಳೆಯ ರೆಫರಲ್ ಇದಕ್ಕೂ ಬರುತ್ತದೆಯೇ?” ಆಮೇಲೆ ಮೇಡಂಗೆ ಎರಡು ಸಾಲು: “ನನ್ನನ್ನು ಜಾಬ್ ಐಡಿ 4230ಕ್ಕೆ ಬದಲಿಸುತ್ತಿದ್ದಾರೆ. ನಿಮ್ಮ ರೆಫರಲ್ ಅದಕ್ಕೂ ಸೇರುವಂತೆ ರಿಕ್ರೂಟರ್‌ಗೆ ಹೇಳಿದ್ದೇನೆ, ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.” ಬೋನಸ್ ಎಂಬ ಶಬ್ದವನ್ನು ಎತ್ತುವ ಅಗತ್ಯವಿಲ್ಲ, ಅವರಿಗೆ ಅರ್ಥವಾಗುತ್ತದೆ.

ಶುಕ್ರವಾರ ಕಳೆದರೂ ಸುದ್ದಿ ಇಲ್ಲದಿದ್ದರೆ? ಮೊದಲು ರಿಕ್ರೂಟರ್‌ಗೆ ಬರೆಯಬೇಕು, ಅದೂ ಮಂಗಳವಾರದ ಹೊತ್ತಿಗೆ. ಅಲ್ಲಿಂದ ಇನ್ನೂ ಮೂರ್ನಾಲ್ಕು ಕೆಲಸದ ದಿನ ಉತ್ತರವಿಲ್ಲ ಎಂದಾದರೆ ಮೇಡಂ ಹತ್ತಿರ ಹೋಗಬಹುದು, ಕೇಳುವ ಪ್ರಶ್ನೆ ಚಿಕ್ಕದಿರಲಿ: “ಆ ಹುದ್ದೆ ಇನ್ನೂ ತೆರೆದಿದೆಯೇ, ರಿಕ್ರೂಟರ್ ಬದಲಾಗಿದ್ದಾರೆಯೇ ಎಂಬುದಷ್ಟು ತಿಳಿದರೆ ಸಾಕು. ಕೇಳುವುದು ಕಷ್ಟವಾದರೆ ಪರವಾಗಿಲ್ಲ.” ಹುದ್ದೆ ತಡೆಹಿಡಿದಿರುವುದು, ರಿಕ್ರೂಟರ್ ರಜೆಯಲ್ಲಿರುವುದು ಇಂಥವೇ ಬಹಳ ಸಲ ಮೌನಕ್ಕೆ ಕಾರಣ, ಅವನ್ನು ಅವರು ಯಾರಿಗೂ ಮುಜುಗರವಾಗದಂತೆ ತಿಳಿದುಕೊಳ್ಳಬಲ್ಲರು.

ಆಯ್ಕೆಯಾಗಲಿಲ್ಲ ಎಂಬ ಮೇಲ್ ಬಂದರೆ ಆ ದಿನವೇ ಹೇಳಿಬಿಡಬೇಕು. ಜನ ಮಾಯವಾಗುವುದು ಹೆಚ್ಚಾಗಿ ಈ ಹಂತದಲ್ಲೇ. “ಮೇಡಂ, ಮ್ಯಾನೇಜರ್ ರೌಂಡ್ ನಂತರ ಬೇಡವೆಂದು ಇವತ್ತು ಮೇಲ್ ಬಂತು. ಇಷ್ಟು ದೂರ ಬಂದದ್ದು ನೀವು ರೆಫರ್ ಮಾಡಿದ್ದರಿಂದ, ಧನ್ಯವಾದ. ಮತ್ತೆ ಯಾವಾಗ ಅರ್ಜಿ ಹಾಕಬಹುದೆಂದು ರಿಕ್ರೂಟರನ್ನು ಕೇಳಿದ್ದೇನೆ.” ಏಕೆ ಬೇಡವೆಂದರು ಎಂದು ವಿಚಾರಿಸಿ ಕೊಡಿ ಎನ್ನುವ ಸಾಲು ಇದರಲ್ಲಿ ಇಲ್ಲ. ಅವರಿಗೆ ತಿಳಿದಿದ್ದು, ಹೇಳಬೇಕೆನಿಸಿದರೆ, ಅವರೇ ಫೋನ್ ಮಾಡುತ್ತಾರೆ.